ಅಪ್ಪನ ಕೋಪದ ಮನೆಯಲ್ಲಿ ಬೆಳೆದವರು ಜೋರು ದನಿಗೆ ಬೆಚ್ಚುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಆಪ್ತಸಮಾಲೋಚನೆಗೆ ಬರುವವರು ನನ್ನ ಹತ್ತಿರ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಒಬ್ಬ ಯುವಕನ ಕತೆ ನಡುನಡುವೆ ಬರುತ್ತದೆ. ಅವನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.

ಯಾರಾದರೂ ದನಿ ಏರಿಸಿದರೆ ಎದೆ ಡವಡವ ಅನ್ನುತ್ತೆ, ಕೈ ತಣ್ಣಗಾಗುತ್ತೆ. ಇದು ಕಾಯಿಲೆನಾ?

ಅಷ್ಟರಿಂದಲೇ ಕಾಯಿಲೆ ಅನ್ನೋಕಾಗಲ್ಲ. ಇದ್ದಕ್ಕಿದ್ದ ಹಾಗೆ ಕೂಗು ಕೇಳಿದರೆ ಯಾರೇ ಆದರೂ ಬೆಚ್ಚುತ್ತಾರೆ. ವ್ಯತ್ಯಾಸ ಇರೋದು ಅದರ ಆಮೇಲೆ. ಉಳಿದವರು ತಿರುಗಿ ನೋಡುತ್ತಾರೆ, ಕೂಗಿದ್ದು ತಮಗಲ್ಲ ಅಂತ ಗೊತ್ತಾಗುತ್ತೆ, ಮತ್ತೆ ಕೆಲಸಕ್ಕೆ ಮರಳುತ್ತಾರೆ. ಸಿಡುಕಿನ ಅಪ್ಪನ ಜೊತೆ ಬೆಳೆದವರಿಗೆ ತಮಗಲ್ಲ ಅಂತ ಗೊತ್ತಾದ ಮೇಲೂ ಎದೆಬಡಿತ ಇಳಿಯುವುದಿಲ್ಲ. ಅರ್ಧ ಗಂಟೆ ಆದರೂ ಕೈ ನಡುಗುತ್ತಿರುತ್ತದೆ. ರಾತ್ರಿ ಮಲಗುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿರುತ್ತದೆ.

ಮಿದುಳಿನಲ್ಲಿ ಅಮಿಗ್ಡಲಾ ಅಂತ ಒಂದು ಭಾಗ ಇದೆ. ಅಪಾಯದ ಸುಳಿವು ಸಿಕ್ಕಿದ ಕೂಡಲೇ ಮೈಯನ್ನು ಸಜ್ಜು ಮಾಡುವುದರಲ್ಲಿ ಅದರ ಪಾಲು ದೊಡ್ಡದು. ಅಡ್ರಿನಲಿನ್ ಏರುತ್ತದೆ, ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ, ಅದಕ್ಕೇ ಬೆರಳು ತಣ್ಣಗಾಗುವುದು. ನಿಧಾನವಾಗಿ ಯೋಚಿಸುವ ಭಾಗ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ 'ನಾನು ಇಷ್ಟು ದೊಡ್ಡವನಾಗಿ ಯಾಕೆ ಹೆದರಬೇಕು' ಅನ್ನೋ ಬುದ್ಧಿಮಾತು ತಲುಪುವ ಹೊತ್ತಿಗೆ ಮೈ ಆಗಲೇ ತನ್ನ ಕೆಲಸ ಶುರು ಮಾಡಿರುತ್ತದೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಾತ್ರೆ ತಾಗಿದ ಸದ್ದು, ಮಿಕ್ಸಿ, ಬಸ್ಸಿನ ಹಾರ್ನ್ ಎಲ್ಲವೂ ಕಿವಿಗೆ ನೋವು ಕೊಡುತ್ತಿದ್ದರೆ ಅದು ಬೇರೆ ತೊಂದರೆ ಇರಬಹುದು, ಮೊದಲು ಕಿವಿಯ ಡಾಕ್ಟರಿಗೆ ತೋರಿಸಿ. ಯಾವ ಸದ್ದೂ ಇಲ್ಲದೆ ಸುಮ್ನೆ ಕೂತಾಗಲೂ ಎದೆ ಹೊಡೆದುಕೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮಂಡಿಯಲ್ಲಿ ಬೆಳಗ್ಗೆಯಿಂದ ಕೂಗಾಟದ ನಡುವೆಯೇ ಇರ್ತೀನಿ, ಏನೂ ಆಗಲ್ಲ. ಮನೇಲಿ ಹೆಂಡತಿ ಸ್ವಲ್ಪ ಗದರಿದರೆ ಸಾಕು, ಕುಸಿದುಹೋಗ್ತೀನಿ. ಯಾಕೆ?

ಇಡೀ ವಿಷಯದ ಗಂಟು ಇರೋದೇ ಇಲ್ಲಿ.

ಈ ಪ್ರಶ್ನೆ ಕೇಳಿದವನು ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಒಂದು ಮಂಡಿಯ ಲೆಕ್ಕ ಬರೆಯುತ್ತಾನೆ. ಆ ಮಾರುಕಟ್ಟೆ ನೋಡಿದವರಿಗೆ ಗೊತ್ತು. ಸೀಸನ್ನಿನಲ್ಲಿ ಹದಿನೈದು ಕೆ.ಜಿ. ಕ್ರೇಟುಗಳು ಆಳೆತ್ತರ ಪೇರಿಸಿರುತ್ತವೆ. ಹರಾಜು ಕೂಗುವವರ ದನಿ, ಲಾರಿಯವರ ದನಿ, ಕನ್ನಡ ತೆಲುಗು ತಮಿಳು ಹಿಂದಿ ಎಲ್ಲ ಸೇರಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಅಷ್ಟರ ನಡುವೆ ಇವನು ಆರಾಮಾಗಿ ಪಟ್ಟಿ ಬರೆಯುತ್ತಾನೆ. ಆದರೆ ಒಂದು ದಿನ ಮಂಡಿ ಯಜಮಾನರು ಹತ್ತಿರ ಬಂದು, ಮೆತ್ತಗಿನ ದನಿಯಲ್ಲೇ, 'ಇದನ್ನ ಯಾರು ಬರೆದಿದ್ದು?' ಅಂದರು. ಅಷ್ಟೇ. ಎದುರಿಗಿದ್ದ ಪಟ್ಟಿಯ ಅಂಕಿ ಅವನಿಗೆ ಓದಲಾಗಲಿಲ್ಲ. 'ತಪ್ಪಾಯ್ತು ಅಣ್ಣ' ಅಂದುಬಿಟ್ಟ. ಸಂಜೆ ಕೂತು ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ಯಜಮಾನರು ಕೇಳಿದ್ದು ಬೇರೆ ಯಾವುದೋ ರೈತರ ಕ್ರೇಟಿನ ಬಗ್ಗೆ.

ನಾವಿಬ್ಬರೂ ಕೂತು ಅವನ ಬಾಲ್ಯದ ಸಂಜೆಗಳನ್ನು ನಿಧಾನಕ್ಕೆ ಬಿಡಿಸಿ ನೋಡಿದೆವು. ಮೊದಲು ಅಪ್ಪನ ಮೊಪೆಡ್ ಬಾಗಿಲ ಹತ್ತಿರ ನಿಲ್ಲುವ ಸದ್ದು. ಸ್ಟ್ಯಾಂಡ್ ಹೇಗೆ ಹಾಕಿದರು ಅನ್ನೋದರಲ್ಲೇ ಇವನಿಗೆ ಅರ್ಧ ತಿಳಿಯುತ್ತಿತ್ತು. ಆಮೇಲೆ ಚಪ್ಪಲಿ. ಬಿಟ್ಟು ಒಳಗೆ ಬಂದರೆ ಪರವಾಗಿಲ್ಲ, ಹಾಕಿಕೊಂಡೇ ನಡುಮನೆಗೆ ಬಂದರೆ ಕೆಟ್ಟದ್ದು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಮೆತ್ತಗೆ ಒಂದು ಪ್ರಶ್ನೆ: 'ಇದನ್ನ ಯಾರು ಇಲ್ಲಿಟ್ಟಿದ್ದು?' ಕೂಗಾಟ, ತಟ್ಟೆ ಎಸೆಯುವುದು, ಅಮ್ಮನ ಮೇಲೆ ಕೈ ಎತ್ತುವುದು ಎಲ್ಲ ಬರುತ್ತಿದ್ದದ್ದು ಅದಾದ ಮೇಲೆ.

ಅಂದರೆ ಅವನ ಮೈ ಕಲಿತಿದ್ದು ಬರೀ ಜೋರು ದನಿಗೆ ಹೆದರುವುದನ್ನಲ್ಲ. ಜೋರು ದನಿ ಬರುವ ಮುಂಚಿನ ಸುಳಿವಿಗೆ ಹೆದರುವುದನ್ನು ಕಲಿತಿದೆ. ಕೂಗು ಶುರುವಾದ ಮೇಲೆ ಎಚ್ಚರಗೊಂಡು ಪ್ರಯೋಜನ ಇರಲಿಲ್ಲ, ಮೊದಲೇ ಗೊತ್ತಾದರೆ ತಂಗಿಯನ್ನು ಕರೆದುಕೊಂಡು ಹಿತ್ತಲಿಗೆ ಹೋಗಬಹುದಿತ್ತು. ಹರಾಜಿನ ಕೂಗಿಗೆ ನಿಯಮ ಇದೆ. ಯಾಕೆ ಕೂಗುತ್ತಿದ್ದಾರೆ, ಎಲ್ಲಿಗೆ ನಿಲ್ಲುತ್ತೆ ಅಂತ ಎಲ್ಲರಿಗೂ ಗೊತ್ತು, ಅದು ಯಾರ ಮೇಲೂ ಅಲ್ಲ. ಅಪ್ಪನ ಕೋಪಕ್ಕೆ ನಿಯಮ ಇರಲಿಲ್ಲ. ನಿನ್ನೆ ನಗುತ್ತಾ ಬಿಟ್ಟ ತಪ್ಪಿಗೆ ಇವತ್ತು ಬೆಲ್ಟು ಬಿಚ್ಚುತ್ತಿದ್ದರು. ಯಾವಾಗ ಅಂತ ತಿಳಿಯದ ಅಪಾಯಕ್ಕೆ ಮೈ ಸದಾ ಕಾವಲು ಕೂರುತ್ತದೆ. ಮನೆಯಲ್ಲಿ ಹೆಂಡತಿ ಬೀಗದ ಕೈ ಹುಡುಕುತ್ತಾ 'ಯಾರು ಎತ್ತಿಟ್ಟಿದ್ದು?' ಅಂದಾಗ ಎಚ್ಚರಗೊಂಡದ್ದು ಆ ಹಳೇ ಕಾವಲೇ.

ಇದು ಊಹೆಯಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲಾಕ್ ಮತ್ತು ಜೊತೆಯವರು 2002ರಲ್ಲಿ ಮಕ್ಕಳಿಗೆ ಮಸುಕಾದ ಮುಖದ ಚಿತ್ರಗಳನ್ನು ತೋರಿಸಿ, ಅವನ್ನು ನಿಧಾನಕ್ಕೆ ಸ್ಪಷ್ಟ ಮಾಡುತ್ತಾ ಹೋದರು. ಮನೆಯಲ್ಲಿ ಏಟು ತಿಂದ ಮಕ್ಕಳು ಸಿಟ್ಟಿನ ಮುಖವನ್ನು ಉಳಿದ ಮಕ್ಕಳಿಗಿಂತ ಮೊದಲೇ, ಇನ್ನೂ ಮಸುಕಾಗಿರುವಾಗಲೇ, ಗುರುತಿಸಿದರು. ನನ್ನ ಮಟ್ಟಿಗೆ ಇದನ್ನು ದೋಷ ಅಂತ ಕರೆಯುವುದು ಅನ್ಯಾಯ. ಆ ಮನೆಯಲ್ಲಿ ಅದು ಬೇಕಾಗಿದ್ದ ಜಾಣ್ಮೆ. ಕಷ್ಟ ಏನಂದರೆ, ಸಿಟ್ಟಿಲ್ಲದ ಕಡೆಯೂ ಅದು ಸಿಟ್ಟನ್ನು ಕಾಣುತ್ತದೆ.

ಅಪ್ಪ ನನ್ನ ಮೇಲೆ ಯಾವತ್ತೂ ಕೈ ಮಾಡಿಲ್ಲ. ಬೈತಿದ್ದದ್ದು ಅಮ್ಮನಿಗೆ ಮಾತ್ರ. ಆದರೂ ನನಗ್ಯಾಕೆ ಹೀಗೆ?

ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡರೂ ಸಾಕು. ಅಮೆರಿಕದ ಒರೆಗಾನ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಆರು ತಿಂಗಳಿಂದ ಒಂದು ವರ್ಷದೊಳಗಿನ ಮಲಗಿದ್ದ ಕೂಸುಗಳಿಗೆ ಸಿಟ್ಟಿನ ದನಿ ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಅಪ್ಪ ಅಮ್ಮನ ಜಗಳ ಜಾಸ್ತಿ ಇದ್ದ ಮನೆಯ ಕೂಸುಗಳಲ್ಲಿ, ಒತ್ತಡಕ್ಕೆ ಸಂಬಂಧಪಟ್ಟ ಭಾಗಗಳು ಹೆಚ್ಚು ಪ್ರತಿಕ್ರಿಯೆ ತೋರಿದವು. 'ಮಗು ಮಲಗಿದೆ, ಅದಕ್ಕೇನು ಗೊತ್ತಾಗುತ್ತೆ' ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಆ ಹೊತ್ತಲ್ಲಿ ಬಾಯೇ ಬರಲ್ಲ. ತಪ್ಪಿಲ್ಲದಿದ್ರೂ ಕ್ಷಮೆ ಕೇಳ್ತೀನಿ. ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತೆ.

ಅಪಾಯ ಕಂಡಾಗ ಮೈಗೆ ಗೊತ್ತಿರುವ ದಾರಿ ಎದುರು ಬೀಳುವುದು, ಓಡುವುದು ಮಾತ್ರ ಅಲ್ಲ. ಮರಗಟ್ಟುವುದೂ ಇದೆ, ಎದುರಿನವರನ್ನು ಓಲೈಸಿ ಸಮಾಧಾನ ಮಾಡುವುದೂ ಇದೆ. ಎಂಟು ವರ್ಷದ ಮಗುವಿಗೆ ಅಪ್ಪನನ್ನು ಎದುರಿಸಲು ಆಗಲ್ಲ, ಮನೆ ಬಿಟ್ಟು ಹೋಗಲೂ ಆಗಲ್ಲ. ಉಳಿದದ್ದು ಇವೆರಡೇ. 'ತಪ್ಪಾಯ್ತು' ಅಂದರೆ ಬೇಗ ಮುಗಿಯುತ್ತಿತ್ತು, ಹಾಗಾಗಿ ಆ ಮಾತು ನಾಲಿಗೆ ತುದಿಯಲ್ಲೇ ಕೂತುಬಿಟ್ಟಿದೆ.

ಅದೇ ಮನೆಯಲ್ಲಿ ಬೆಳೆದ ಅಣ್ಣನೋ ತಂಗಿಯೋ ದನಿ ಏರಿದರೆ ಎರಡರಷ್ಟು ಕೂಗುವವರಾಗಿರಬಹುದು. ಅವರು ಧೈರ್ಯವಂತರು, ನೀವು ಪುಕ್ಕಲು ಅಂತ ಅಲ್ಲ. ವಯಸ್ಸು, ಗಂಡೋ ಹೆಣ್ಣೋ, ಅಪ್ಪ ಯಾರ ಮೇಲೆ ಜಾಸ್ತಿ ಹರಿಹಾಯುತ್ತಿದ್ದರು, ಅಜ್ಜಿಯಂಥವರು ಯಾರಾದರೂ ಅಡ್ಡ ನಿಂತರಾ ಅನ್ನೋದರ ಮೇಲೆ ದಾರಿ ಬೇರೆಯಾಗುತ್ತದೆ.

ನನ್ನ ಸುಳಿವು ಯಾವುದು ಅಂತ ಕಂಡುಹಿಡಿಯೋದು ಹೇಗೆ?

ಹಾಗೆ ಆದ ದಿನ, ಮೈ ಸಮಾಧಾನಕ್ಕೆ ಬಂದ ಮೇಲೆ, ಮಲಗುವ ಮುಂಚೆ ಮೂರು ಸಾಲು ಬರೆದಿಡಿ. ಒಂದು, ಅದಕ್ಕೆ ಸ್ವಲ್ಪ ಮುಂಚೆ ಏನು ಕೇಳಿಸಿತು, ಏನು ಕಂಡಿತು. ಎರಡು, ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯಿತು. ಮೂರು, ಮುಂದೆ ಏನು ಆಗಿಬಿಡುತ್ತೆ ಅಂತ ಅನಿಸಿತು. 'ಹೆಂಡತಿ ಬೈದಳು' ಅಂತ ಬರೆದರೆ ಸಾಲದು. ಯಾವ ಮಾತು, ಹಿಂದಿನಿಂದಲಾ ಮುಂದಿನಿಂದಲಾ, ಬಾಗಿಲ ಹತ್ತಿರ ನಿಂತಿದ್ದಳಾ, ಎಲ್ಲ ಬೇಕು.

ಮೂರನೇ ಸಾಲು ಬಹಳ ಹೇಳುತ್ತದೆ. ಮಂಡಿಯ ಆ ಯುವಕ ಯಜಮಾನರ ಪ್ರಶ್ನೆಯ ದಿನ ಬರೆದದ್ದು 'ಕೆಲಸ ಹೋಗುತ್ತೆ' ಅಂತ ಅಲ್ಲ. 'ಎಲ್ಲರೆದುರು ಹೊಡೀತಾರೆ' ಅಂತ. ಆ ಯಜಮಾನರು ಯಾರಿಗೂ ಹೊಡೆದವರಲ್ಲ. ಈಗಿನ ಸಂದರ್ಭಕ್ಕೆ ಹೊಂದದ, ಚಿಕ್ಕ ವಯಸ್ಸಿನ ಭಯ ಅಲ್ಲಿ ಬರೆದಿದ್ದರೆ ಅದು ಹಳೆಯದು ಅಂತ ತಿಳಿಯಬಹುದು. ಆದರೆ ಎದುರಿನವರು ನಿಜವಾಗಿಯೂ ಹೊಡೆಯುವವರೇ ಆಗಿದ್ದರೆ ಮೈ ಹೇಳುತ್ತಿರುವುದು ಸರಿಯಾಗಿದೆ. ಅದನ್ನು ಸುಮ್ಮನಾಗಿಸಲು ಹೋಗಬೇಡಿ.

ಕೆಲವು ವಾರ ಬರೆದರೆ ಒಂದೋ ಎರಡೋ ಸುಳಿವು ತಿರುಗಿ ತಿರುಗಿ ಬರುತ್ತವೆ. ಕೆಲವರಿಗೆ ಬಾಗಿಲು ಬಡಿದ ಸದ್ದು. ಕೆಲವರಿಗೆ ಪೂರ್ತಿ ಹೆಸರು ಹಿಡಿದು ಕರೆಯುವುದು. ಕೆಲವರಿಗೆ ಮನೆಯಲ್ಲಿ ಯಾರೂ ಮಾತಾಡದೆ ಇರುವುದೇ ಸುಳಿವು, ಸಂಗಾತಿ ಸುಸ್ತಾಗಿ ಸುಮ್ಮನಿದ್ದರೂ ಎದೆ ಹಿಂಡುತ್ತದೆ.

ಶುರುವಾದ ಆ ಗಳಿಗೆಯಲ್ಲಿ ಏನು ಮಾಡಬೇಕು?

'ಹೆದರಬೇಡ' ಅಂತ ನಿಮಗೆ ನೀವೇ ಹೇಳಿಕೊಳ್ಳುವುದರಿಂದ ಹೆಚ್ಚು ಉಪಯೋಗ ಇಲ್ಲ. ಮೈಗೆ ಅರ್ಥವಾಗುವ ಕೆಲಸ ಕೊಡಿ. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ. ಕಣ್ಣು ತಿರುಗಿಸಿ ಈಗ ಇರುವ ಜಾಗ ನೋಡಿ, ಗೋಡೆಯ ಕ್ಯಾಲೆಂಡರು, ಬಾಗಿಲು, ಎದುರಿನವರ ಮುಖ. ಉಸಿರು ಒಳಗೆ ತೆಗೆದುಕೊಳ್ಳುವಾಗ ನಾಲ್ಕು ಎಣಿಸಿದರೆ ಬಿಡುವಾಗ ಆರು ಎಣಿಸಿ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನ ಆಗುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಒಂದಿದೆ. 'ಉದ್ದ ಉಸಿರು' ಅಂತ ಕೇಳಿ ಜೋರಾಗಿ, ಬೇಗ ಬೇಗ ಎಳೆದುಕೊಳ್ಳುತ್ತಾರೆ. ಆಗ ತಲೆ ತಿರುಗುತ್ತದೆ, ತುಟಿ ಬೆರಳು ಜುಮ್ಮೆನ್ನುತ್ತವೆ, ಗಾಬರಿ ಇನ್ನೂ ಏರುತ್ತದೆ. ಹಾಗಾದರೆ ನೀವು ಜಾಸ್ತಿ ಎಳೆಯುತ್ತಿದ್ದೀರಿ ಅಂತ ಅರ್ಥ. ಇನ್ನು ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟರೇ ಭಯ ಹೆಚ್ಚಾಗುತ್ತದೆ. ಅಂಥವರು ಉಸಿರನ್ನು ಬಿಟ್ಟು ಪಾದ ಮತ್ತು ಕಣ್ಣಿನ ಕೆಲಸ ಮಾತ್ರ ಮಾಡಲಿ, ಸಾಧ್ಯವಾದರೆ ಮುಖಕ್ಕೆ ತಣ್ಣೀರು ಹಾಕಿಕೊಳ್ಳಲಿ.

ಕೆಲಸದ ಜಾಗಕ್ಕೆ ಒಂದು ವಾಕ್ಯ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ಆ ಯುವಕ ಆರಿಸಿಕೊಂಡದ್ದು 'ನೋಡಿ ಹೇಳ್ತೀನಿ ಅಣ್ಣ, ಹತ್ತು ನಿಮಿಷ ಕೊಡಿ.' 'ತಪ್ಪಾಯ್ತು' ಬರುವ ಜಾಗದಲ್ಲಿ ಇದು ಬರಬೇಕು. ಆ ಗಳಿಗೆಯಲ್ಲಿ ಹೊಸ ಮಾತು ಹುಟ್ಟುವುದಿಲ್ಲ, ಹಾಗಾಗಿ ಮನೆಯಲ್ಲಿ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿದ.

ಹೆಂಡತಿಗೆ ಅಥವಾ ಗಂಡನಿಗೆ ಏನಂತ ಹೇಳೋದು? 'ನಾನು ಬೈದೇ ಇಲ್ಲ, ಮಾತಾಡೋದೇ ಹೀಗೆ' ಅಂತಾರೆ.

ಅವರು ಹೇಳೋದು ನಿಜ ಇರಬಹುದು. ಆ ಯುವಕನ ಹೆಂಡತಿ ಮುಳಬಾಗಿಲು ಕಡೆಯ ದೊಡ್ಡ ಕುಟುಂಬದವಳು. ಅವಳ ತವರಿನಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುವುದೇ ರೂಢಿ, ಜೋರು ಮಾತು ಅಂದರೆ ಸಲಿಗೆ. ಗಂಡ ಮುಖ ಬಿಳಿಚಿಕೊಂಡು ಎದ್ದು ಹೋದಾಗ ಅವಳಿಗೆ ಅನಿಸಿದ್ದು, 'ನನ್ನ ಜೊತೆ ಮಾತಾಡೋಕೂ ಇಷ್ಟ ಇಲ್ಲ ಇವರಿಗೆ.'

ಜಗಳದ ನಡುವೆ ಬಾಲ್ಯದ ಕತೆ ಹೇಳಬೇಡಿ. ಆಗ ಅದು ನೆಪದ ಹಾಗೆ ಕೇಳಿಸುತ್ತದೆ. ಇಬ್ಬರೂ ಸಮಾಧಾನವಾಗಿರುವ ಹೊತ್ತು ನೋಡಿ, ಚಿಕ್ಕದಾಗಿ ಮೂರು ವಿಷಯ ಹೇಳಿ: ನನಗೆ ಯಾವ ಸುಳಿವಿಗೆ ಹೀಗಾಗುತ್ತೆ, ಆಗ ನಾನು ಹೊರಗೆ ಹೇಗೆ ಕಾಣ್ತೀನಿ, ನೀನು ಏನು ಮಾಡಿದರೆ ಅನುಕೂಲ. 'ಜೋರಾಗಿ ಮಾತಾಡಲೇಬೇಡ' ಅಂತ ಕೇಳುವುದು ನಡೆಯೋ ಮಾತಲ್ಲ. ಅವನು ಕೇಳಿದ್ದು ಎರಡೇ. ಹಿಂದಿನಿಂದ ಕೇಳಬೇಡ. 'ಯಾರು ಇಟ್ಟಿದ್ದು' ಅನ್ನುವ ಬದಲು ವಿಷಯವನ್ನು ಮೊದಲು ಹೇಳು. ಈಗ ಅವಳು 'ರೀ, ಬೀಗದ ಕೈ ಕಾಣಿಸ್ತಿಲ್ಲ, ನೋಡಿದ್ರಾ?' ಅನ್ನುತ್ತಾಳೆ. ದನಿ ಮೊದಲಿನಷ್ಟೇ ಜೋರಿದೆ, ಆದರೆ ಅವನ ಮೈ ಬಹುಪಾಲು ಸುಮ್ಮನಿರುತ್ತದೆ.

ಎದೆಬಡಿತ ತೀರಾ ಏರಿದಾಗ ಜಗಳ ಮುಂದುವರಿಸಬೇಡಿ. ಸಂಗಾತಿಗಳ ಜಗಳಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಅವರ ಸಲಹೆ ಕನಿಷ್ಠ 20 ನಿಮಿಷದ ಬಿಡುವು. ಆದರೆ ಹೇಳದೆ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರೆ ಅದು ಬಿಡುವಲ್ಲ, ಉಳಿದವರಿಗೆ ಅದೇ ಹೊಸ ಪೆಟ್ಟು. 'ಅರ್ಧ ಗಂಟೆ ಮಹಡಿ ಮೇಲೆ ಇರ್ತೀನಿ, ಬಂದು ಮಾತಾಡ್ತೀನಿ' ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಆ ಅರ್ಧ ಗಂಟೆ ಮನಸ್ಸಿನಲ್ಲೇ ಜಗಳ ಮುಂದುವರಿಸುತ್ತಿದ್ದರೆ ಎದೆಬಡಿತ ಇಳಿಯುವುದಿಲ್ಲ. ಬಟ್ಟೆ ಮಡಚಿ, ಗಿಡಕ್ಕೆ ನೀರು ಹಾಕಿ, ಸ್ವಲ್ಪ ನಡೆದಾಡಿ.

ಇದು ಪೂರ್ತಿ ಹೋಗುತ್ತಾ?

ಬಹಳ ಕಡಿಮೆ ಆಗುತ್ತದೆ, ಆದರೆ ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ. 'ಈ ಸುಳಿವು ಬಂದರೂ ಏನೂ ಆಗುವುದಿಲ್ಲ' ಅನ್ನುವ ಹೊಸ ಕಲಿಕೆ ಅದರ ಪಕ್ಕದಲ್ಲಿ ಬೆಳೆಯುತ್ತದೆ. ಅದಕ್ಕಾಗಿ ಆ ಗಂಡ ಹೆಂಡತಿ ಒಂದು ಅಭ್ಯಾಸ ಮಾಡಿದರು. ಮೊದಲೇ ಹೇಳಿಟ್ಟ ಹೊತ್ತಿಗೆ ಅವಳು ಎದುರು ಕೂತು, ಸಾಮಾನ್ಯ ದನಿಯಲ್ಲಿ 'ಇದನ್ನ ಯಾರು ಇಟ್ಟಿದ್ದು?' ಅನ್ನುತ್ತಿದ್ದಳು. ಅವನು ಎದ್ದು ಹೋಗದೆ, ಎದೆಬಡಿತ ಇಳಿಯುವ ತನಕ ಅಲ್ಲೇ ಕೂರುತ್ತಿದ್ದ. ಅದು ಸುಲಭವಾದ ಮೇಲೆ ಅಡುಗೆಮನೆಯಿಂದ. ಆಮೇಲೆ ಸ್ವಲ್ಪ ಜೋರಾಗಿ. ಮೊದಲ ದಿನವೇ ಜೋರು ದನಿಯಿಂದ ಶುರು ಮಾಡಿದರೆ ಕೆಡುತ್ತದೆ, ನಿಜವಾದ ಜಗಳದಲ್ಲಿ ಪ್ರಯತ್ನಿಸಿದರೂ ಕೆಡುತ್ತದೆ. ಏಟಿನ ನೆನಪುಗಳು ಗಾಢವಾಗಿದ್ದವರು ಇದನ್ನು ಮನೆಯಲ್ಲಿ ತಾವಾಗಿಯೇ ಮಾಡಬಾರದು, ಚಿಕಿತ್ಸಕರ ಜೊತೆ ಮಾಡಬೇಕು.

ನಿದ್ದೆಗೆಟ್ಟಾಗ, ಹೊಸ ಜಾಗದಲ್ಲಿ, ಅಪ್ಪ ಮನೆಗೆ ಬಂದಾಗ ಹಳೆಯದು ಮತ್ತೆ ತಲೆ ಎತ್ತುತ್ತದೆ. ಮಂಡಿಯಲ್ಲಿ ಸೀಸನ್ ಶುರುವಾಗಿ ನಿದ್ದೆ ಕಡಿಮೆಯಾದಾಗ ಅವನಿಗೂ ಹಾಗೇ ಆಯಿತು. ಅದರಿಂದ ಕಲಿತದ್ದೆಲ್ಲ ವ್ಯರ್ಥ ಆಯಿತು ಅಂತ ಅಲ್ಲ, ಕೆಳಗಿನ ಮೆಟ್ಟಿಲಿಂದ ಮತ್ತೆ ಶುರು ಮಾಡಿದರೆ ಈ ಸಲ ಬೇಗ ಹತ್ತಬಹುದು.

ನಾನೇ ಮಗುವಿನ ಮೇಲೆ ಕೂಗಿಬಿಡ್ತೀನಿ. ಅಪ್ಪನ ಹಾಗೇ ಆಗ್ತಿದ್ದೀನಾ?

ಕೂಗಿದ ಮೇಲೆ ಏನು ಮಾಡುತ್ತೀರಿ ಅನ್ನೋದು ಮುಖ್ಯ. ಅನೇಕ ಅಪ್ಪಂದಿರು ರಾತ್ರಿ ಕೂಗಾಡಿ ಮರುದಿನ ಏನೂ ಆಗದವರ ಹಾಗೆ ಬೋಂಡಾ ಪೊಟ್ಟಣ ತಂದು ಇಡುತ್ತಿದ್ದರು. ಅದು ಅವರ ಕ್ಷಮೆ ಇರಬಹುದು. ಆದರೆ ಮಗುವಿಗೆ ರಾತ್ರಿ ನಡೆದದ್ದು ಏನು, ತಪ್ಪು ಯಾರದು ಅಂತ ಯಾರೂ ಹೇಳಲಿಲ್ಲ. ತನ್ನಿಂದಲೇ ಆಯಿತು ಅಂತ ಅದು ಅಂದುಕೊಂಡಿತು. ನೀವು ಬಾಯಿಬಿಟ್ಟು ಹೇಳಿ: 'ಹಾಲು ಚೆಲ್ಲಿದ್ದಕ್ಕೆ ನಾನು ಅಷ್ಟು ಕೂಗಬಾರದಿತ್ತು. ನನ್ನ ತಪ್ಪು.' ಅದಕ್ಕೆ 'ಆದರೆ ನೀನು' ಅಂತ ಬಾಲ ಸೇರಿಸಬೇಡಿ.

ಅಪ್ಪ ಈಗ ಮೆತ್ತಗಾಗಿದ್ದಾರೆ. ಮೊಮ್ಮಕ್ಕಳನ್ನು ಮುದ್ದಾಡ್ತಾರೆ. ನಾನಿನ್ನೂ ಹೆದರೋದು ತಪ್ಪಲ್ವಾ?

ತಪ್ಪಲ್ಲ. ಅಪ್ಪನನ್ನು ಕ್ಷಮಿಸುವುದು ಬೇರೆ, ಮೈ ಸುಮ್ಮನಾಗುವುದು ಬೇರೆ. ಮನಸಾರೆ ಕ್ಷಮಿಸಿದವರಿಗೂ ಅಪ್ಪ ಕೆಮ್ಮಿದರೆ ಬೆನ್ನು ನೆಟ್ಟಗಾಗಬಹುದು. ಕ್ಷಮಿಸಲಾಗದವರೂ ಗುಣ ಕಾಣಬಹುದು. ಒಂದಕ್ಕೆ ಇನ್ನೊಂದು ಕಾಯಬೇಕಿಲ್ಲ.

ಅವರ ಜೊತೆ ಮಾತಾಡಲೇಬೇಕು ಅನಿಸಿದರೆ ಇಡೀ ಬಾಲ್ಯದ ಲೆಕ್ಕ ಬಿಚ್ಚಬೇಡಿ. ಒಂದು ಘಟನೆ ಆರಿಸಿಕೊಳ್ಳಿ. 'ಹೊಟ್ಟೆಗೆ ಬಟ್ಟೆಗೆ ಏನಾದ್ರೂ ಕಡಿಮೆ ಮಾಡಿದ್ನಾ?' ಅನ್ನುವ ಉತ್ತರ ಬರಬಹುದು, ಅಮ್ಮ 'ಹೋಗ್ಲಿ ಬಿಡೋ, ಹಳೇದು' ಅನ್ನಬಹುದು. ಆ ಉತ್ತರ ಬಂದರೂ ತಡೆದುಕೊಳ್ಳುತ್ತೇನೆ ಅನಿಸಿದಾಗ ಮಾತ್ರ ಹೋಗಿ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಎಲ್ಲಿಗೆ?

ಕೆಟ್ಟ ಕನಸು ಬಂದು ಎಚ್ಚರವಾಗುತ್ತಿದ್ದರೆ, ದನಿ ಏರಬಹುದು ಅಂತ ಮೀಟಿಂಗು ಮದುವೆ ತಪ್ಪಿಸುತ್ತಿದ್ದರೆ, ಸಮಾಧಾನಕ್ಕೆ ಕುಡಿತ ಬೇಕಾಗುತ್ತಿದ್ದರೆ, ಇವು ಒಂದು ತಿಂಗಳಿಗೂ ಮೀರಿ ಇದ್ದರೆ ತಡ ಮಾಡಬೇಡಿ. ಸಾಯಬೇಕು ಅನಿಸಿದರೆ ಅವತ್ತೇ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಕೋಲಾರದವರು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಬಗ್ಗೆ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್ ಕೂಡ ದೂರವೇನಲ್ಲ.

ಹೋಗುವಾಗ ಆ ಮೂರು ಸಾಲಿನ ಪುಸ್ತಕ ತೆಗೆದುಕೊಂಡು ಹೋಗಿ. ಆಘಾತದ ನೆನಪುಗಳಿಗೆಂದೇ ಇರುವ ಮಾತಿನ ಚಿಕಿತ್ಸೆಗಳಿವೆ, ಚಿಕಿತ್ಸಕರ ಎದುರು ಕಣ್ಣನ್ನು ಆಚೀಚೆ ಆಡಿಸುತ್ತಾ ಹಳೆಯ ನೆನಪಿನ ತೀವ್ರತೆ ಇಳಿಸುವ, ಇಎಂಡಿಆರ್ ಅಂತ ಕರೆಯುವ ವಿಧಾನವೂ ಇದೆ. ಕೆಲವರಿಗೆ ಖಿನ್ನತೆಗೆ ಕೊಡುವ ಮಾತ್ರೆಯೂ ನೆರವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತಂದು ನುಂಗಬೇಡಿ. ಅದು ಬೇಗ ಚಟವಾಗುತ್ತದೆ, ಈ ಭಯದ ಬೇರನ್ನು ಮುಟ್ಟುವುದೂ ಇಲ್ಲ.

ನಾನು ಈಗಲೂ ಆ ಮನೆಯಲ್ಲೇ ಇದ್ದೀನಿ. ಅಪ್ಪ ಈಗಲೂ ಹೊಡೀತಾರೆ.

ಹಾಗಿದ್ದರೆ ಮೇಲೆ ಹೇಳಿದ ಅಭ್ಯಾಸಗಳು ನಿಮಗಲ್ಲ. ನಿಮ್ಮ ಭಯ ಈಗಿನದು, ಅದು ನಿಮ್ಮನ್ನು ಕಾಯುತ್ತಿದೆ. 18 ವರ್ಷದ ಒಳಗಿನವರು 1098ಕ್ಕೆ, ಹೆಣ್ಣುಮಕ್ಕಳು 181ಕ್ಕೆ, ಆ ಕ್ಷಣದ ಅಪಾಯಕ್ಕೆ ಯಾರೇ ಆದರೂ 112ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ, ಅಪ್ಪನ ಮನೆಯಲ್ಲಿರುವ ಮಗಳಿಗೂ ಅನ್ವಯಿಸುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ, ಆ ಕಾಯ್ದೆಯಡಿ ನೆರವಾಗುವ ಸಂರಕ್ಷಣಾಧಿಕಾರಿ ಯಾರು ಅಂತ ಕೇಳಿ. ಆಧಾರ್, ಮಾರ್ಕ್ಸ್ ಕಾರ್ಡು, ಸ್ವಲ್ಪ ದುಡ್ಡು ಒಂದು ಚೀಲದಲ್ಲಿ ಹಾಕಿ, ನಂಬಿಕೆಯಿರುವ ಚಿಕ್ಕಮ್ಮನದೋ ಗೆಳತಿಯದೋ ಮನೆಯಲ್ಲಿ ಇಟ್ಟಿರಿ.